ಐದು ಮಿಲಿಮೀಟರಿನ ಆಸೆ

ಬಸ್ಸಿನ ಗಾಜು ಒರೆಸುವ ವೈಪರ್ ಅತ್ತಿತ್ತ ತೂಗುತ್ತದೆ. ಆದರೆ ಅದನ್ನು ಆಡಿಸುವ ಮೋಟಾರು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಸುತ್ತುತ್ತಿರುತ್ತದೆ. ಸುತ್ತನ್ನು ತೂಗಾಟವಾಗಿಸುವುದು ನಾಲ್ಕು ಪಟ್ಟಿಗಳ ಜೋಡಣೆ, ಅಂದರೆ ಫೋರ್ ಬಾರ್ ಲಿಂಕೇಜ್.

ಇದರ ಮಾದರಿಯನ್ನು ರಟ್ಟಿನಲ್ಲೇ ಮಾಡಬಹುದು. ಹಲಗೆಯ ಮೇಲೆ 110 ಮಿ.ಮೀ. ಅಂತರದಲ್ಲಿ ಎರಡು ಪಿನ್ನು ನೆಟ್ಟರೆ ಆ ಹಲಗೆಯೇ ಕದಲದ ಪಟ್ಟಿ. ಒಂದು ಪಿನ್ನಿಗೆ 30 ಮಿ.ಮೀ.ನ ಕ್ರ್ಯಾಂಕ್, ಇನ್ನೊಂದಕ್ಕೆ 60 ಮಿ.ಮೀ.ನ ತೂಗುಪಟ್ಟಿ, ಇವೆರಡರ ತುದಿಗಳನ್ನು ಜೋಡಿಸಲು 100 ಮಿ.ಮೀ.ನ ತಳ್ಳುಪಟ್ಟಿ. ಅಳತೆಯೆಲ್ಲ ತೂತಿನ ನಡುವಿನಿಂದ ತೂತಿನ ನಡುವಿಗೆ. ಪಟ್ಟಿ ಅದರಾಚೆ ಎಷ್ಟು ಚಾಚಿದರೂ ಲೆಕ್ಕಕ್ಕಿಲ್ಲ.

ಕ್ರ್ಯಾಂಕ್ ಪೂರ್ತಿ ಸುತ್ತುವುದೇ? 19ನೇ ಶತಮಾನದ ಜರ್ಮನ್ ಎಂಜಿನಿಯರ್ ಫ್ರಾನ್ಸ್ ಗ್ರಾಸ್‌ಹೋಫ್ ಹೆಸರಿನ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ಅತಿ ಗಿಡ್ಡ ಮತ್ತು ಅತಿ ಉದ್ದದ ಪಟ್ಟಿಗಳ ಮೊತ್ತ ಉಳಿದೆರಡರ ಮೊತ್ತವನ್ನು ಮೀರಬಾರದು. ಇಲ್ಲಿ 140 ಮತ್ತು 160, ಅಡ್ಡಿಯಿಲ್ಲ.

ಇನ್ನು ತೂಗಾಟದ ಎಲ್ಲೆ. ಕ್ರ್ಯಾಂಕೂ ತಳ್ಳುಪಟ್ಟಿಯೂ ಒಂದೇ ಗೆರೆಗೆ ಬಂದಾಗ ತೂಗುಪಟ್ಟಿ ಕೊನೆ ಮುಟ್ಟಿ ಹಿಂತಿರುಗುತ್ತದೆ. ಎರಡೂ ನೀಳವಾಗಿ ಚಾಚಿದಾಗ ಅವುಗಳ ಒಟ್ಟು ಉದ್ದ 130, ಒಂದರ ಮೇಲೊಂದು ಮಡಚಿದಾಗ 70. ಈ ಎರಡು ತ್ರಿಕೋನಗಳನ್ನು ಬಿಡಿಸಿದರೆ ತೂಗುಪಟ್ಟಿ ಹಲಗೆಯ ಗೆರೆಯಿಂದ 35 ಡಿಗ್ರಿ ಮತ್ತು 95 ಡಿಗ್ರಿಗಳ ನಡುವೆ ಆಡುತ್ತದೆಂದು ತಿಳಿಯುತ್ತದೆ. ಅಂದರೆ 60 ಡಿಗ್ರಿ. ವೈಪರಿಗೆ ಇದು ಸಾಲದು.

ಕ್ರ್ಯಾಂಕ್ ಉದ್ದ ಮಾಡಿ ನೋಡೋಣ ಅನ್ನಿಸುವುದು ಸಹಜ. ಕ್ಯಾಡ್ ತಂತ್ರಾಂಶದ ಚಲನೆಯ ಅಧ್ಯಯನ ನೆರವಿಗೆ ಬರುವುದು ಇಲ್ಲೇ. ನಾಲ್ಕು ಪಿನ್ನುಗಳನ್ನೂ ತಿರುಗುವ ಕೀಲುಗಳೆಂದು ಗುರುತಿಸಿ, ಕ್ರ್ಯಾಂಕನ್ನು ಒಂದೊಂದೇ ಡಿಗ್ರಿ ತಿರುಗಿಸುತ್ತ ತೂಗುಪಟ್ಟಿಯ ಕೋನದ ನಕ್ಷೆ ಪಡೆಯಬೇಕು. ಕ್ರ್ಯಾಂಕಿಗೆ 55 ಕೊಟ್ಟರೆ ಅದು ಹಲಗೆಯ ಗೆರೆಯಿಂದ ಸುಮಾರು 150 ಡಿಗ್ರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಉಳಿದೆರಡು ಪಟ್ಟಿಗಳು ನೆಟ್ಟಗಾಗಿ ಮುಂದೆ ಚಾಚಲಾರವು. ಹೆಜ್ಜೆ ದೊಡ್ಡದಾದರೆ ತಂತ್ರಾಂಶ ಜೋಡಣೆಯನ್ನು ಕನ್ನಡಿಯ ಬಿಂಬದಂತೆ ಮಗುಚಿ ಮುಂದುವರಿಯುವುದೂ ಉಂಟು. ನಕ್ಷೆಯ ಗೆರೆಯಲ್ಲಿ ಹಠಾತ್ ಜಿಗಿತ ಕಂಡರೆ ಅದನ್ನು ನಂಬಬಾರದು.

45 ಕೊಟ್ಟರೆ ಕ್ರ್ಯಾಂಕ್ ಸಲೀಸಾಗಿ ಸುತ್ತುತ್ತದೆ, ತೂಗಾಟ ಸುಮಾರು 98 ಡಿಗ್ರಿಗೆ ಏರುತ್ತದೆ. ಪರದೆಯ ಮೇಲೆ ಎಲ್ಲವೂ ಚೆನ್ನ. ಆದರೆ ತಳ್ಳುಪಟ್ಟಿ ಮತ್ತು ತೂಗುಪಟ್ಟಿಯ ನಡುವಿನ ಕೋನವನ್ನೂ ಅಳೆಯಬೇಕು. ಅದು 90ರ ಹತ್ತಿರವಿದ್ದಾಗ ತಳ್ಳಿದ ಬಲ ತಿರುಗಿಸಲು ಒದಗುತ್ತದೆ; 40ಕ್ಕಿಂತ ಇಳಿದರೆ ಅಥವಾ 140 ದಾಟಿದರೆ ಬಲದ ಬಹುಪಾಲು ಪಿನ್ನನ್ನು ಜಗ್ಗುವುದರಲ್ಲೇ ಕಳೆಯುತ್ತದೆ. ಇಲ್ಲಿ ಅದು 150ಕ್ಕೆ ಹೋಗುತ್ತದೆ. ಬರೀ ಚಲನೆಯ ಅಧ್ಯಯನಕ್ಕೆ ಬಲವಾಗಲಿ ಉಜ್ಜಾಟವಾಗಲಿ ಗೊತ್ತಿಲ್ಲ, ಹಾಗಾಗಿ ಅದು ಎಚ್ಚರಿಸುವುದಿಲ್ಲ.

ಕ್ರ್ಯಾಂಕನ್ನು 40ಕ್ಕೆ ಇಳಿಸಿದರೆ ಆ ಕೋನ 138ರೊಳಗೆ ಉಳಿಯುತ್ತದೆ, ತೂಗಾಟ ಸುಮಾರು 84 ಡಿಗ್ರಿ ಸಿಗುತ್ತದೆ. ಈ ಹಲಗೆಗೆ 40 ಮಿ.ಮೀ.ನ ಕ್ರ್ಯಾಂಕೇ ಸರಿ. ಅದಕ್ಕಿಂತ ಹೆಚ್ಚಿನ ತೂಗಾಟ ಬೇಕೆಂದರೆ ಉಳಿದ ಪಟ್ಟಿಗಳ ಅಳತೆಗೂ ಕೈ ಹಾಕಬೇಕು.