ಸರಕು ತಲುಪಿದ ಮೇಲೂ ಚಾರ್ಜ್‌ಬ್ಯಾಕ್ ಬಂದರೆ ವ್ಯಾಪಾರಿ ಏನು ಬರೆಯಬೇಕು?

ಕಾರ್ಡಿನಲ್ಲಿ ಹಣ ಕೊಟ್ಟ ಗ್ರಾಹಕ ತನ್ನ ಬ್ಯಾಂಕಿಗೆ ದೂರು ಕೊಟ್ಟು ಆ ಹಣವನ್ನು ವಾಪಸ್ ಕೇಳುವುದೇ ಚಾರ್ಜ್‌ಬ್ಯಾಕ್. ನೋಟಿಸಿನಲ್ಲಿ ಮೊದಲು ನೋಡಬೇಕಾದದ್ದು ಕಾರಣದ ಸಂಕೇತ. ವೀಸಾದಲ್ಲಿ 13.1 ಎಂದರೆ ಸರಕು ಬಂದಿಲ್ಲ ಎಂಬ ದೂರು. ಇದಕ್ಕೆ ವಿತರಣೆಯ ಪುರಾವೆಯೇ ನೇರ ಉತ್ತರ. 13.3 ಎಂದರೆ ಸರಕು ವಿವರಣೆಯಂತಿಲ್ಲ ಅಥವಾ ಕೆಟ್ಟಿದೆ ಎಂದು. ಅಲ್ಲಿ ಕೊರಿಯರ್ ರಸೀದಿ ಏನನ್ನೂ ಸಾಬೀತುಪಡಿಸದು.

ಇಳಕಲ್ಲಿನ ಅಂಗಡಿಯೊಂದು 6,400 ರೂಪಾಯಿಯ ಸೀರೆಯನ್ನು ಪುಣೆಗೆ ಕಳಿಸಿದೆ, 13.1 ದೂರು ಬಂದಿದೆ ಎಂದುಕೊಳ್ಳೋಣ. ಉತ್ತರ ಒಂದು ಪುಟ ಸಾಕು. ಮೊದಲ ಸಾಲಿನಲ್ಲಿ ವ್ಯವಹಾರ ಸಂಖ್ಯೆ, ದಿನಾಂಕ, ಮೊತ್ತ. ಅನಂತರ ನೇರ ವಾಕ್ಯ: "ಆರ್ಡರಿನಲ್ಲಿ ಗ್ರಾಹಕರೇ ಕೊಟ್ಟ ವಿಳಾಸಕ್ಕೆ ಮಾರ್ಚ್ 9ರಂದು ಸರಕು ತಲುಪಿದೆ, ಸಹಿಯ ಪ್ರತಿ ಲಗತ್ತಿಸಿದೆ." ಅದರ ಕೆಳಗೆ ಆರ್ಡರ್, ರವಾನೆ, ವಿತರಣೆ ಕ್ರಮವಾಗಿ ಬರಲಿ, ಪ್ರತಿ ಸಾಲಿಗೂ ಒಂದು ಲಗತ್ತು.

ಹೆಚ್ಚಿನವರು ಸೋಲುವುದು ಇಲ್ಲೇ: ಟ್ರ್ಯಾಕಿಂಗ್ ಪುಟದಲ್ಲಿ "ಡೆಲಿವರ್ಡ್, ಪುಣೆ" ಎಂದಷ್ಟೇ ಇರುತ್ತದೆ, ಮನೆಯ ವಿಳಾಸ ಇರುವುದಿಲ್ಲ. ಊರು ತಲುಪಿದ್ದಕ್ಕೂ ಮನೆ ತಲುಪಿದ್ದಕ್ಕೂ ಬ್ಯಾಂಕಿನ ಕಣ್ಣಿನಲ್ಲಿ ಬಹಳ ಅಂತರವಿದೆ. ಪೂರ್ತಿ ವಿಳಾಸ, ಪಡೆದವರ ಹೆಸರು, ಸಹಿ ಅಥವಾ ಓಟಿಪಿ ದಾಖಲೆ ಇರುವ ಪ್ರತಿಯನ್ನು ಕೊರಿಯರ್ ಕಚೇರಿಯಿಂದಲೇ ಕೇಳಿ ಪಡೆಯಬೇಕು. ಸಹಿ ಕಾವಲುಗಾರನದಾಗಿದ್ದರೆ ಪುರಾವೆ ಸಡಿಲ. "ಸೀರೆ ಬಂತು" ಎಂದು ಗ್ರಾಹಕರು ಕಳಿಸಿದ ವಾಟ್ಸಾಪ್ ಸಂದೇಶ ಇದ್ದರೆ ಅದು ಆ ಕೊರತೆ ತುಂಬುತ್ತದೆ.

ಕೋಪದ ಮಾತು, ಗ್ರಾಹಕರ ಮೇಲಿನ ಆರೋಪ ಬೇಡ. ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ, ನೋಟಿಸಿನಲ್ಲಿರುವ ಗಡುವಿನೊಳಗೆ ಪೇಮೆಂಟ್ ಗೇಟ್‌ವೇಗೆ ಸಲ್ಲಿಸಬೇಕು. ಗಡುವು ಮೀರಿದರೆ ದೂರನ್ನು ಒಪ್ಪಿಕೊಂಡಂತೆಯೇ ಲೆಕ್ಕ.