ಗೃಹಿಣಿಯ ಉಪಕಸುಬು: ತೆರಿಗೆ ಇಲ್ಲದಿದ್ದರೂ ರಿಟರ್ನ್ ಬೇಕೇ?

ಹಾಲಿನ ಹಣ ಕೃಷಿ ಆದಾಯ, ಅದಕ್ಕೆ ತೆರಿಗೆಯ ಲೆಕ್ಕವೇ ಇಲ್ಲ ಎಂದು ಹಲವು ಉತ್ಪಾದಕರು ತಿಳಿದಿದ್ದಾರೆ. ಇದು ಸರಿಯಲ್ಲ. ಜಮೀನಿನಲ್ಲಿ ಬೆಳೆದ ಬೆಳೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಹೈನುಗಾರಿಕೆಯ ಆದಾಯವನ್ನು ಕಾನೂನು ವ್ಯಾಪಾರದ ಆದಾಯವೆಂದೇ ಪರಿಗಣಿಸುತ್ತದೆ. ಮನೆಯಲ್ಲಿ ತುಪ್ಪ, ಪೇಡಾ ಮಾಡಿ ಮಾರುವುದೂ ಅದೇ ಲೆಕ್ಕಕ್ಕೆ ಸೇರುತ್ತದೆ.

ಹಾಗೆಂದು ಗಾಬರಿ ಬೇಡ. ಮಾರಾಟದ ಹಣವೆಲ್ಲ ಆದಾಯವಲ್ಲ. ಲೆಕ್ಕಪುಸ್ತಕ ಇಡದ ಸಣ್ಣ ವ್ಯಾಪಾರಿಗಳಿಗೆ ಕಲಂ 44ಎಡಿ ಸುಲಭ ದಾರಿ ಕೊಡುತ್ತದೆ. ಬ್ಯಾಂಕ್ ಮೂಲಕ ಬಂದ ಮಾರಾಟದ ಹಣದಲ್ಲಿ ಕನಿಷ್ಠ ಶೇ. 6, ನಗದಾಗಿ ಬಂದುದರಲ್ಲಿ ಕನಿಷ್ಠ ಶೇ. 8 ಲಾಭವೆಂದು ತೋರಿಸಿದರೆ ಸಾಕು. ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ಈ ದಾರಿ ಹಿಡಿದವರು ಪಶು ಆಹಾರ, ಮೇವು, ಗ್ಯಾಸ್ ಖರ್ಚನ್ನು ಮತ್ತೆ ಕಳೆಯುವಂತಿಲ್ಲ.

ಒಂದು ಉದಾಹರಣೆ ನೋಡೋಣ. 2025-26ರ ಸಾಲಿನಲ್ಲಿ ಒಬ್ಬ ಸದಸ್ಯೆಯ ಖಾತೆಗೆ ಸಂಘದಿಂದ ಹಾಲಿನ ಬಟವಾಡೆ ರೂ. 3,60,000 ಬಂದಿದೆ. ತುಪ್ಪ, ಪೇಡಾ ಮಾರಿ ನಗದಾಗಿ ರೂ. 2,40,000 ಪಡೆದಿದ್ದಾರೆ. ಲಾಭ ಕನಿಷ್ಠ ದರದಷ್ಟೇ ಇದೆ ಎಂದಿಟ್ಟುಕೊಂಡರೆ, ಮೊದಲನೆಯದರ ಶೇ. 6 ಎಂದರೆ ರೂ. 21,600, ಎರಡನೆಯದರ ಶೇ. 8 ಎಂದರೆ ರೂ. 19,200. ಒಟ್ಟು ವ್ಯಾಪಾರದ ಆದಾಯ ರೂ. 40,800. ಠೇವಣಿ ಬಡ್ಡಿ ರೂ. 55,000 ಸೇರಿಸಿದರೆ ರೂ. 95,800 ಆಗುತ್ತದೆ.

ಹೊಸ ತೆರಿಗೆ ಪದ್ಧತಿಯಲ್ಲಿ ಈ ಸಾಲಿಗೆ ಮೂಲ ವಿನಾಯಿತಿ ರೂ. 4 ಲಕ್ಷ. ಆದ್ದರಿಂದ ಇವರಿಗೆ ತೆರಿಗೆಯೂ ಇಲ್ಲ, ರಿಟರ್ನ್ ಸಲ್ಲಿಸುವ ಕಡ್ಡಾಯವೂ ಇಲ್ಲ. ಆದರೆ ಬಡ್ಡಿ ರೂ. 50,000 ದಾಟಿದ್ದರಿಂದ ಬ್ಯಾಂಕು ಶೇ. 10ರಂತೆ ರೂ. 5,500 ಟಿಡಿಎಸ್ ಹಿಡಿದಿದೆ. ಈ ಹಣ ರಿಟರ್ನ್ ಸಲ್ಲಿಸಿದರೆ ಮಾತ್ರ ವಾಪಸು ಬರುತ್ತದೆ.

ಇನ್ನೊಂದು ಮುಖ್ಯ ಮಾತು. ಒಟ್ಟು ಆದಾಯ ರೂ. 4 ಲಕ್ಷ ದಾಟಿದರೆ, ರಿಯಾಯಿತಿಯಿಂದಾಗಿ ರೂ. 12 ಲಕ್ಷದವರೆಗೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಕಡ್ಡಾಯ. ವ್ಯಾಪಾರದ ವಹಿವಾಟು ವರ್ಷಕ್ಕೆ ರೂ. 60 ಲಕ್ಷ ಮೀರಿದರೂ ಕಡ್ಡಾಯ.

44ಎಡಿ ಆಯ್ದವರಿಗೆ ಸಾಮಾನ್ಯವಾಗಿ ಐಟಿಆರ್-4 ಫಾರಂ. ಸಲ್ಲಿಸುವ ಮೊದಲು ಫಾರಂ 26ಎಎಸ್ ತೆಗೆದು, ಹಿಡಿದ ಟಿಡಿಎಸ್ ನಿಮ್ಮ ಪ್ಯಾನ್‌ನಲ್ಲಿ ಕಾಣುತ್ತಿದೆಯೇ ನೋಡಿ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಿ. ಇದನ್ನು ಮರೆತರೆ ರಿಟರ್ನ್ ಸಲ್ಲಿಸಿದಂತೆ ಆಗುವುದಿಲ್ಲ, ವಾಪಸಾತಿಯೂ ಬರುವುದಿಲ್ಲ.

ಕೊನೆಯದಾಗಿ, ಹಸು ಕೊಳ್ಳಲು ಪತಿ ಹಣವನ್ನು ಉಡುಗೊರೆಯಾಗಿ ಕೊಟ್ಟಿದ್ದರೆ, ಆ ಬಂಡವಾಳದ ಪಾಲಿಗೆ ಬರುವ ಲಾಭ ಪತಿಯ ಆದಾಯಕ್ಕೆ ಸೇರುತ್ತದೆ. ಪತ್ನಿ ತನ್ನ ಉಳಿತಾಯದಿಂದ ಅಥವಾ ತನ್ನ ಹೆಸರಿನ ಬ್ಯಾಂಕ್ ಸಾಲದಿಂದ ಕೊಂಡಿದ್ದರೆ ಲಾಭ ಅವರದೇ. ಖರೀದಿ ರಸೀದಿ, ಸಾಲದ ಪತ್ರ ಮತ್ತು ಬಟವಾಡೆ ಪಾಸ್‌ಬುಕ್ಕನ್ನು ಜೋಪಾನವಾಗಿಡಿ.