ಪಾಸ್‌ಪೋರ್ಟ್ ಕೊಡಲಿಲ್ಲವೇ? ಉತ್ತರ ಬರೆಯುವ ಮೊದಲು ಆದೇಶ ಓದಿ

‘ನನ್ನ ಮೇಲೆ ಹಾಕಿರುವುದು ಸುಳ್ಳು ಕೇಸು. ಉಮ್ಮನಿಗೆ ಹುಷಾರಿಲ್ಲ. ತಂಗಿಯ ಮದುವೆ ಬಾಕಿ ಇದೆ. ದುಬೈಯಲ್ಲಿ ಕೆಲಸ ಸಿಕ್ಕಿದೆ, ವೀಸಾ ತಪ್ಪಿಹೋಗುತ್ತದೆ. ದಯವಿಟ್ಟು ಪಾಸ್‌ಪೋರ್ಟ್ ಕೊಡಿ.’

ಬಂಟ್ವಾಳ ಕಡೆಯ ಒಬ್ಬ ಯುವಕ ಪಾಸ್‌ಪೋರ್ಟ್ ಕಚೇರಿಗೆ ಕಳುಹಿಸಿದ್ದ ಎರಡು ಪುಟದ ಪತ್ರದ ಸಾರ ಇದು. ಬರೆದದ್ದೆಲ್ಲ ನಿಜವೇ. ಆದರೆ ಎರಡು ತಿಂಗಳ ನಂತರ ಬಂದದ್ದು ನಿರಾಕರಣೆಯ ಆದೇಶ. ಅದನ್ನು ಹಿಡಿದುಕೊಂಡು ನಮ್ಮ ಬಳಿ ಬಂದವನು ಕೇಳಿದ್ದು ಒಂದೇ ಮಾತು: ‘ಕಾಕ, ಇಷ್ಟೆಲ್ಲ ಬರೆದರೂ ಯಾಕೆ ಕೊಡಲಿಲ್ಲ?’

ನಾವು ಅವನ ಪತ್ರವನ್ನು ಬದಿಗಿಟ್ಟು, ಕಚೇರಿಯಿಂದ ಬಂದಿದ್ದ ಎರಡೂ ಕಾಗದಗಳನ್ನು ಮುಂದಿಟ್ಟುಕೊಂಡು ಕುಳಿತೆವು. ಅರ್ಧ ಗಂಟೆಯಲ್ಲಿ ವಿಷಯ ಸ್ಪಷ್ಟವಾಯಿತು. ಕಚೇರಿ ಕೇಳಿದ್ದು ಎರಡು ಪ್ರಶ್ನೆ. ಅವನ ಎರಡು ಪುಟದಲ್ಲಿ ಅವೆರಡಕ್ಕೂ ಉತ್ತರವೇ ಇರಲಿಲ್ಲ. ನಮ್ಮ ಮನೆಗಳಿಗೆ ಇಂತಹ ಕಾಗದ ಆಗಾಗ ಬರುವುದರಿಂದ ಅದನ್ನು ಹೇಗೆ ಓದಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಗುರುತು ಸಿಗದಿರಲೆಂದು ಸಣ್ಣಪುಟ್ಟ ವಿವರ ಮತ್ತು ದಿನಾಂಕಗಳನ್ನು ಬದಲಿಸಿದ್ದೇವೆ.

ನೋಟಿಸೋ, ಆದೇಶವೋ?

ಮೊದಲು ನೋಡಬೇಕಾದದ್ದು ಕಾಗದ ಯಾವ ಬಗೆಯದು ಎಂಬುದನ್ನು. ಪೊಲೀಸ್ ವರದಿ ವಿರುದ್ಧವಾಗಿ ಬಂದರೆ ಪಾಸ್‌ಪೋರ್ಟ್ ಕಚೇರಿ ಸಾಮಾನ್ಯವಾಗಿ ಮೊದಲು ವಿವರಣೆ ಕೇಳುತ್ತದೆ. ಅದು ಶೋಕಾಸ್ ನೋಟಿಸ್. ಅದಕ್ಕೆ ಕೊಡುವ ಉತ್ತರ ಸಾಕಾಗದಿದ್ದರೆ ಆದೇಶ ಬರುತ್ತದೆ. ಪಾಸ್‌ಪೋರ್ಟ್ ಕಾಯ್ದೆ 1967ರ ಸೆಕ್ಷನ್ 5(3)ರ ಪ್ರಕಾರ, ನಿರಾಕರಿಸುವ ಅಧಿಕಾರಿ ಕಾರಣವನ್ನು ಚುಟುಕಾಗಿಯಾದರೂ ಬರೆದಿಡಬೇಕು. ಕೇಳಿದರೆ ಅದರ ಪ್ರತಿ ಕೊಡಬೇಕು. ದೇಶದ ಭದ್ರತೆಯಂತಹ ಕೆಲವೇ ಸಂದರ್ಭಗಳಲ್ಲಿ ಇದಕ್ಕೆ ವಿನಾಯಿತಿ ಇದೆ. ಕಾರಣ ಬರೆದಿಲ್ಲ ಅಂತ ಕಂಡರೆ ಮೊದಲ ಕೆಲಸ ಆ ಪ್ರತಿಯನ್ನು ಲಿಖಿತವಾಗಿ ಕೇಳುವುದು.

ಇವನ ಕೈಯಲ್ಲಿ ಎರಡೂ ಇದ್ದವು. ನೋಟಿಸಿನ ದಿನಾಂಕ 2024ರ ಮಾರ್ಚ್ 5. ಆದೇಶದ ದಿನಾಂಕ ಮೇ 20. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಒಂದು ಪದ ಬದಲಾಗಿರುವುದು ಕಣ್ಣಿಗೆ ಬಿತ್ತು. ನೋಟಿಸಿನಲ್ಲಿ ಠಾಣೆಯ ಹೆಸರಿನ ಜೊತೆ ‘ಕ್ರೈಂ ನಂಬರ್’ ಇತ್ತು. ಆದೇಶದಲ್ಲಿ ಅದರ ಜೊತೆಗೆ ನ್ಯಾಯಾಲಯದ ‘ಸಿ.ಸಿ. ನಂಬರ್’ ಕೂಡ ಸೇರಿತ್ತು. ಓದುವವರಿಗೆ ಎರಡೂ ಬರೀ ನಂಬರು. ಆದರೆ ಇಡೀ ಪ್ರಕರಣ ನಿಂತದ್ದೇ ಆ ವ್ಯತ್ಯಾಸದ ಮೇಲೆ.

ಮೊದಲ ಕಾರಣ: ಬಾಕಿ ಇರುವ ಕೇಸು

ಎರಡೂ ಕಾಗದಗಳಲ್ಲಿ ಇದ್ದ ಸೆಕ್ಷನ್ 6(2)(ಎಫ್). ಅರ್ಜಿದಾರ ಮಾಡಿದನೆನ್ನಲಾದ ಅಪರಾಧದ ಬಗ್ಗೆ ಭಾರತದ ಕ್ರಿಮಿನಲ್ ನ್ಯಾಯಾಲಯದ ಮುಂದೆ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬೇಕು ಎನ್ನುತ್ತದೆ ಅದು. ಇಲ್ಲಿ ತೂಕ ಇರುವುದು ‘ನ್ಯಾಯಾಲಯದ ಮುಂದೆ’ ಎಂಬ ಮಾತಿಗೆ. ಠಾಣೆಯಲ್ಲಿ ಎಫ್‌ಐಆರ್ ಆದರೆ ಕ್ರೈಂ ನಂಬರ್ ಬೀಳುತ್ತದೆ. ತನಿಖೆ ಮುಗಿದು, ಪೊಲೀಸರು ಚಾರ್ಜ್‌ಶೀಟ್ ಸಲ್ಲಿಸಿ, ನ್ಯಾಯಾಧೀಶರು ಅದನ್ನು ವಿಚಾರಣೆಗೆ ಪರಿಗಣಿಸಿದ ಮೇಲೆ ಸಿ.ಸಿ. ನಂಬರ್ ಬರುತ್ತದೆ. ಹೀಗೆ ಪರಿಗಣಿಸುವುದಕ್ಕೆ ವಕೀಲರು ಕಾಗ್ನಿಜೆನ್ಸ್ ಎನ್ನುತ್ತಾರೆ. ಬರೀ ಎಫ್‌ಐಆರ್, ತನಿಖೆಯ ಹಂತದ ಕೇಸು 6(2)(ಎಫ್) ಅಡಿಗೆ ಬರುವುದಿಲ್ಲ ಎಂದು ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಜ್ಞಾಪನದಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೆ ತಿಳಿಸಿದೆ.

ಹಾಗಾದರೆ ಇವನ ಕೇಸು ಯಾವ ಹಂತದಲ್ಲಿತ್ತು? ‘ರಸ್ತೆಯಲ್ಲಿ ಆದ ಗಲಾಟೆ, ರಾಜಿ ಆಗಿದೆ, ಮುಗಿದಿದೆ’ ಅಂತ ಅವನು ಹೇಳುತ್ತಿದ್ದ. ಮಾತು ನಂಬಿಕೊಂಡು ಕೂರುವ ವಿಷಯ ಇದಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಠಾಣೆ ಮತ್ತು ಎಫ್‌ಐಆರ್ ನಂಬರ್ ಹಾಕಿ ಹುಡುಕಿದೆವು. ವಕೀಲರ ಮೂಲಕ ಆರ್ಡರ್ ಶೀಟಿನ ದೃಢೀಕೃತ ನಕಲು ತರಿಸಿದೆವು. ಸಿಕ್ಕಿದ ದಿನಾಂಕಗಳು ಇವು: ಎಫ್‌ಐಆರ್ 2023ರ ಸೆಪ್ಟೆಂಬರ್, ಪಾಸ್‌ಪೋರ್ಟ್ ಅರ್ಜಿ 2024ರ ಜನವರಿ 10, ಚಾರ್ಜ್‌ಶೀಟ್ ಏಪ್ರಿಲ್ 8, ಕಾಗ್ನಿಜೆನ್ಸ್ ಏಪ್ರಿಲ್ 12. ರಾಜಿ ಆದದ್ದು ಹೊರಗೆ, ಕಾಗದದಲ್ಲಿ ಅಲ್ಲ. ನ್ಯಾಯಾಲಯದಲ್ಲಿ ಕೇಸು ಹಾಗೆಯೇ ಇತ್ತು. ಸಮನ್ಸ್ ಇನ್ನೂ ಮನೆಗೆ ಮುಟ್ಟಿರಲಿಲ್ಲ.

ಈಗ ಲೆಕ್ಕ ನೋಡಿ. ಮಾರ್ಚ್ 5ರ ನೋಟಿಸಿಗೆ ಅವನು ಉತ್ತರ ಕೊಟ್ಟದ್ದು ಮಾರ್ಚ್ 25ಕ್ಕೆ. ಆ ದಿನ ನ್ಯಾಯಾಲಯದಲ್ಲಿ ಯಾವ ಕೇಸೂ ಇರಲಿಲ್ಲ. ‘ಇದು ತನಿಖೆಯ ಹಂತದಲ್ಲಿದೆ, ಚಾರ್ಜ್‌ಶೀಟ್ ಆಗಿಲ್ಲ, 6(2)(ಎಫ್) ಅನ್ವಯಿಸುವುದಿಲ್ಲ’ ಎಂಬ ನಾಲ್ಕು ಸಾಲು, ಜೊತೆಗೆ ಎಫ್‌ಐಆರ್ ಪ್ರತಿ ಮತ್ತು 2019ರ ಜ್ಞಾಪನದ ಉಲ್ಲೇಖ. ಅಂದಿಗೆ ಸರಿಯಾದ ಉತ್ತರ ಅದಾಗಿತ್ತು. ಕೇಸು ಸುಳ್ಳೋ ನಿಜವೋ ಎಂಬುದನ್ನು ಪಾಸ್‌ಪೋರ್ಟ್ ಅಧಿಕಾರಿ ತೀರ್ಮಾನಿಸುವುದಿಲ್ಲ, ಅದು ನ್ಯಾಯಾಲಯದ ಕೆಲಸ. ಹಾಗಾಗಿ ‘ಸುಳ್ಳು ಕೇಸು’ ಎಂಬ ಎರಡು ಪುಟ ವ್ಯರ್ಥವಾಯಿತು.

ಜೂನ್ ಮೊದಲ ವಾರ ಅವನು ನಮ್ಮ ಬಳಿ ಬರುವಾಗ ಆ ಉತ್ತರದ ಕಾಲ ಮುಗಿದಿತ್ತು. ಮೇ 20ಕ್ಕೆ ಕೇಸು ನಿಜವಾಗಿಯೂ ನ್ಯಾಯಾಲಯದಲ್ಲಿ ಇತ್ತು. ಆದೇಶದ ಮೊದಲ ಕಾರಣ ಸರಿಯಾಗಿತ್ತು. ಸರಿಯಾದ ಕಾರಣವನ್ನು ವಾದದಿಂದ ತೆಗೆಯಲು ಆಗುವುದಿಲ್ಲ. ಅದಕ್ಕೆ ಕಾನೂನು ಇಟ್ಟಿರುವ ದಾರಿ ಬೇರೆ.

ಆ ದಾರಿ 1993ರ ಆಗಸ್ಟ್ 25ರ ಜಿಎಸ್‌ಆರ್ 570(ಇ) ಎಂಬ ಅಧಿಸೂಚನೆ. ಕೇಸು ಬಾಕಿ ಇರುವ ವ್ಯಕ್ತಿ, ಅದೇ ನ್ಯಾಯಾಲಯದಿಂದ ವಿದೇಶಕ್ಕೆ ಹೋಗಲು ಅನುಮತಿ ಆದೇಶ ತಂದರೆ, 6(2)(ಎಫ್) ಅಡ್ಡಿಯಿಂದ ಅವನಿಗೆ ವಿನಾಯಿತಿ ಸಿಗುತ್ತದೆ. ನ್ಯಾಯಾಲಯ ಕರೆದಾಗ ಹಾಜರಾಗುತ್ತೇನೆ ಎಂಬ ಲಿಖಿತ ಮುಚ್ಚಳಿಕೆಯನ್ನೂ ಕೊಡಬೇಕು.

ಇಲ್ಲಿಯೂ ಓದುವ ಕೆಲಸ ಇದೆ. ನ್ಯಾಯಾಲಯ ಎಷ್ಟು ಅವಧಿಯ ಪಾಸ್‌ಪೋರ್ಟ್ ಎಂದು ಬರೆದಿದ್ದರೆ ಅಷ್ಟು ಅವಧಿಗೆ ಸಿಗುತ್ತದೆ. ಪಾಸ್‌ಪೋರ್ಟಿನ ಅವಧಿಯನ್ನೂ, ಪ್ರಯಾಣದ ಅವಧಿಯನ್ನೂ ಬರೆಯದಿದ್ದರೆ ಸಿಗುವುದು ಒಂದು ವರ್ಷಕ್ಕೆ ಮಾತ್ರ. ಒಂದು ವರ್ಷದ ಪಾಸ್‌ಪೋರ್ಟ್ ಹಿಡಿದುಕೊಂಡು ಗಲ್ಫಿಗೆ ಹೋಗುವ ಕಷ್ಟ ನಮ್ಮವರಿಗೆ ಹೇಳಬೇಕಾಗಿಲ್ಲ. ಆರು ತಿಂಗಳ ಮಾನ್ಯತೆ ಉಳಿದಿರಬೇಕು ಅಂತ ಕೇಳುವ ಕಡೆ ಅದು ಅರ್ಧ ವರ್ಷಕ್ಕೇ ಮುಗಿದಂತೆ. ಇವನ ವಕೀಲರು ಮೊದಲು ಸಿದ್ಧಪಡಿಸಿದ್ದ ಅರ್ಜಿಯಲ್ಲಿ ‘ಪಾಸ್‌ಪೋರ್ಟ್ ಪಡೆಯಲು ಆಕ್ಷೇಪ ಇಲ್ಲ ಎಂದು ಆದೇಶಿಸಿ’ ಎಂದಷ್ಟೇ ಇತ್ತು. ನಾವು ಕೇಳಿಕೊಂಡ ಮೇಲೆ ಎರಡು ಕೋರಿಕೆ ಸೇರಿಸಿದರು: ಉದ್ಯೋಗಕ್ಕಾಗಿ ವಿದೇಶಕ್ಕೆ ಹೋಗಲು ಅನುಮತಿ, ಪಾಸ್‌ಪೋರ್ಟಿನ ಅವಧಿ ಇಷ್ಟು ವರ್ಷ. ಐದು ವರ್ಷ ಕೇಳಿದ್ದಕ್ಕೆ ನ್ಯಾಯಾಲಯ ಮೂರು ವರ್ಷ ಕೊಟ್ಟಿತು.

ಎರಡನೇ ಕಾರಣ: ಮುಚ್ಚಿಟ್ಟದ್ದು

ಆದೇಶದ ಕೊನೆಯ ಪ್ಯಾರಾದಲ್ಲಿ ಒಂದು ಸಾಲು ಇತ್ತು. ಅರ್ಜಿಯಲ್ಲಿ ಮಾಹಿತಿ ಮುಚ್ಚಿಟ್ಟಿದ್ದಾರೆ, ಸೆಕ್ಷನ್ 12(1)(ಬಿ) ಎಂದು. ಯುವಕ ಇದನ್ನು ಗಮನಿಸಿಯೇ ಇರಲಿಲ್ಲ. ಕೇಸಿಗೆ ಅನುಮತಿ ತಂದರೂ ಈ ಸಾಲಿಗೆ ಉತ್ತರ ಕೊಡದಿದ್ದರೆ ಆ ಆರೋಪ ಕಡತದಲ್ಲಿ ಹಾಗೆಯೇ ಉಳಿಯುತ್ತದೆ. ಇದು ಹಗುರ ಆರೋಪವೂ ಅಲ್ಲ. ಎರಡು ವರ್ಷದವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಲು ಅವಕಾಶ ಇರುವ ಅಪರಾಧ.

ಸೆಕ್ಷನ್ ಓದಿದರೆ ಅಲ್ಲಿ ‘ತಿಳಿದೂ’ ಎಂಬ ಪದ ಇದೆ. ತಿಳಿದೂ ಸುಳ್ಳು ಹೇಳಿದರೆ, ಪಾಸ್‌ಪೋರ್ಟ್ ಪಡೆಯುವ ಉದ್ದೇಶದಿಂದ ಮುಖ್ಯ ಮಾಹಿತಿ ಮುಚ್ಚಿಟ್ಟರೆ ಅಪರಾಧ. ಅರ್ಜಿಯ ಪ್ರಶ್ನೆ ಏನು ಕೇಳಿತ್ತು ಎಂದು ಅವನ ಅರ್ಜಿಯ ಮುದ್ರಿತ ಪ್ರತಿ ತೆಗೆದು ನೋಡಿದೆವು. ಅದು ಕೇಳಿದ್ದು ನ್ಯಾಯಾಲಯದಲ್ಲಿ ಬಾಕಿ ಇರುವ ಪ್ರಕರಣದ ಬಗ್ಗೆ. ಅವನು ‘ಇಲ್ಲ’ ಎಂದದ್ದು ಜನವರಿ 10ಕ್ಕೆ. ಚಾರ್ಜ್‌ಶೀಟ್ ಆದದ್ದು ಏಪ್ರಿಲ್ 8ಕ್ಕೆ. ಅಂದರೆ ಬರೆದ ದಿನ ಆ ಉತ್ತರ ಸರಿಯಾಗಿತ್ತು. ಇಲ್ಲಿ ಕ್ಷಮೆ ಕೇಳುವ ಅಗತ್ಯವೇ ಇಲ್ಲ. ಎರಡು ದಿನಾಂಕ, ಆರ್ಡರ್ ಶೀಟಿನ ನಕಲು ಇಟ್ಟರೆ ಸಾಕು. ‘ತಪ್ಪಾಯಿತು, ಕ್ಷಮಿಸಿ’ ಅಂತ ಬರೆದಿದ್ದರೆ ಮಾಡದ ತಪ್ಪನ್ನು ಕೈಯಾರೆ ಒಪ್ಪಿಕೊಂಡಂತೆ ಆಗುತ್ತಿತ್ತು.

ದಿನಾಂಕಗಳು ತಿರುಗಿಬಿದ್ದಿದ್ದರೆ ಉತ್ತರವೂ ಬೇರೆ. ಚಾರ್ಜ್‌ಶೀಟ್ ಆಗಿ ಸಮನ್ಸ್ ಕೈಗೆ ಬಂದ ಮೇಲೆ ‘ಇಲ್ಲ’ ಎಂದು ಬರೆದವರು ಹೀಗೆ ವಾದಿಸಲು ಆಗುವುದಿಲ್ಲ. ಅಂಥವರು ಉತ್ತರ ಕಳುಹಿಸುವ ಮೊದಲು ವಕೀಲರನ್ನು ಕಾಣಬೇಕು.

ಮೇಲ್ಮನವಿಯೋ, ಹೊಸ ಅರ್ಜಿಯೋ?

ನಿರಾಕರಣೆಯ ವಿರುದ್ಧ ಸೆಕ್ಷನ್ 11ರ ಅಡಿ ಮೇಲ್ಮನವಿ ಇದೆ. ಆದೇಶ ಕೈಸೇರಿದ 30 ದಿನದೊಳಗೆ ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣ ತೋರಿಸಬೇಕು. ಆದ್ದರಿಂದ ಕಾಗದ ಬಂದ ಲಕೋಟೆಯನ್ನು ಬಿಸಾಡಬೇಡಿ, ಅಂಚೆಯ ಮುದ್ರೆಯ ದಿನಾಂಕ ಬೇಕಾಗುತ್ತದೆ.

ಆದರೆ ಮೇಲ್ಮನವಿ ಎಲ್ಲರಿಗೂ ಅಲ್ಲ. ಆದೇಶದ ಕಾರಣ ತಪ್ಪಾಗಿದ್ದರೆ ಅದು ಸರಿ. ಉದಾಹರಣೆಗೆ, ಬರೀ ಎಫ್‌ಐಆರ್ ಇರುವಾಗ 6(2)(ಎಫ್) ಹಾಕಿದ್ದರೆ, ಖುಲಾಸೆಯಾದ ಕೇಸನ್ನು ಬಾಕಿ ಎಂದಿದ್ದರೆ, ಪೊಲೀಸರ ಬಿ ರಿಪೋರ್ಟನ್ನು ನ್ಯಾಯಾಲಯ ಒಪ್ಪಿ ಮುಗಿಸಿದ್ದರೆ. ಆಗ ತೀರ್ಪಿನ ಅಥವಾ ಆರ್ಡರ್ ಶೀಟಿನ ದೃಢೀಕೃತ ನಕಲೇ ಉತ್ತರ. ಕಾರಣ ಸರಿಯಾಗಿದ್ದು ಅನುಮತಿ ಮಾತ್ರ ಇಲ್ಲದಿದ್ದರೆ, ಅನುಮತಿ ಪಡೆದು ಹೊಸದಾಗಿ ಅರ್ಜಿ ಹಾಕುವುದೇ ಹತ್ತಿರದ ದಾರಿ.

ನಮ್ಮ ಯುವಕ ಎರಡನೇ ದಾರಿ ಹಿಡಿದ. ಹೊಸ ಅರ್ಜಿಯಲ್ಲಿ ಅದೇ ಪ್ರಶ್ನೆಗೆ ಈ ಸಲ ‘ಹೌದು’ ಎಂದು ಬರೆದು ಸಿ.ಸಿ. ನಂಬರ್ ಕೊಟ್ಟ. ಮೊದಲ ಸಲ ‘ಇಲ್ಲ’ ಎಷ್ಟು ಸರಿಯೋ, ಈ ಸಲ ‘ಹೌದು’ ಅಷ್ಟೇ ಸರಿ. ಜೊತೆಗಿಟ್ಟ ಪತ್ರ ಒಂದೇ ಪುಟದ್ದು. ಮೊದಲ ಪ್ಯಾರಾದಲ್ಲಿ ಹಳೆಯ ಆದೇಶದ ನಂಬರ್ ಮತ್ತು ದಿನಾಂಕ. ಎರಡನೆಯದರಲ್ಲಿ 6(2)(ಎಫ್)ಗೆ ನ್ಯಾಯಾಲಯದ ಅನುಮತಿ ಮತ್ತು ಮುಚ್ಚಳಿಕೆ. ಮೂರನೆಯದರಲ್ಲಿ 12(1)(ಬಿ)ಗೆ ಎರಡು ದಿನಾಂಕ. ಉಮ್ಮನ ಕಾಯಿಲೆ, ತಂಗಿಯ ಮದುವೆ ಯಾವುದೂ ಅದರಲ್ಲಿ ಇರಲಿಲ್ಲ.

‘ಇಷ್ಟೇ ಸಾಕಾ ಕಾಕ?’ ಅಂತ ಅವನಿಗೆ ಅನುಮಾನ. ಆದೇಶವನ್ನು ಮತ್ತೆ ಅವನ ಕೈಗೇ ಕೊಟ್ಟೆವು. ಅವನು ಒಂದೊಂದು ಸಾಲಿನ ಮೇಲೆ ಬೆರಳಿಟ್ಟು, ಅದರ ಉತ್ತರ ಪತ್ರದಲ್ಲಿ ಎಲ್ಲಿದೆ ಎಂದು ಹುಡುಕಿದ. ಉತ್ತರ ಇಲ್ಲದ ಸಾಲು ಯಾವುದೂ ಉಳಿದಿರಲಿಲ್ಲ. ಮೂರು ವರ್ಷದ ಪಾಸ್‌ಪೋರ್ಟ್ ಅಂಚೆಯಲ್ಲಿ ಮನೆಗೆ ಬಂತು. ಮೊದಲ ವೀಸಾ ಅಷ್ಟರಲ್ಲಿ ತಪ್ಪಿಹೋಗಿತ್ತು; ಬೇರೆ ಕೆಲಸ ಹುಡುಕಿಕೊಂಡು ಹೋದ. ಮಾರ್ಚ್ ತಿಂಗಳ ನೋಟಿಸನ್ನು ಹೀಗೆ ಓದಿದ್ದರೆ ಮೊದಲ ಕೆಲಸವೇ ಉಳಿಯುತ್ತಿತ್ತೇನೋ.